ರೊಟ್ಟಿ ಖರ್ಚಿನ ಲೆಕ್ಕ ಮೊಬೈಲಿನಲ್ಲಿ: ಒಂದು ಗಂಟೆಯ ಪಾಠದ ಯೋಜನೆ

ಊರು: ಕಮಲಾಪುರ, ಕಲಬುರಗಿ ಜಿಲ್ಲೆ
ಯಾರಿಗೆ: ಕಡಕ್ ರೊಟ್ಟಿ ಮಾಡಿ ಮಾರುವ ಸ್ವಸಹಾಯ ಸಂಘದ 14 ಮಂದಿ. ಇಬ್ಬರಿಗೆ ಓದು ಬರಹ ಬರುವುದಿಲ್ಲ, ಬಾಯಿಲೆಕ್ಕ ಮಾತ್ರ ಎಲ್ಲರಿಗಿಂತ ಚುರುಕು.
ಯಾವಾಗ: ಬುಧವಾರ ಮಧ್ಯಾಹ್ನ 3ರಿಂದ 4. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತು, ಕರೆದರೂ ಯಾರೂ ಬರುವುದಿಲ್ಲ.
ಏನು ಕಲಿಯಬೇಕು: ಪ್ರತಿ ಗುಂಪೂ ಆರು ಖರ್ಚು ಬರೆದು ಮೊತ್ತ ತೆಗೆಯಬೇಕು. ಅಷ್ಟೇ. ಲಾಭ ನಷ್ಟ ಇವತ್ತು ಬೇಡ.

ಮೊದಲೇ ಆಗಬೇಕಾದ್ದು

ಐದು ಮೊಬೈಲಿಗೆ ಹಿಂದಿನ ದಿನವೇ Google Sheets ಹಾಕಿ, ತೆರೆದು ನೋಡಿ. ಹೋದ ಸಲ ನಾನು ಇದನ್ನು ಪಾಠದ ಹೊತ್ತಿಗೆ ಬಿಟ್ಟಿದ್ದೆ. ಮರೆತ ಪಾಸ್‌ವರ್ಡ್ ಹುಡುಕುವುದರಲ್ಲೇ 20 ನಿಮಿಷ ಹೋಯಿತು. ಒಂದು ದೊಡ್ಡ ಹಾಳೆ, ಮಾರ್ಕರ್, ಸಂಘದ ನಗದು ಪುಸ್ತಕ ಜೊತೆಗಿರಲಿ.

3:00 – 3:15: ಮೊದಲು ಹಾಳೆ ಮೇಲೆ

ಮೊಬೈಲ್ ಕೆಳಗಿಡಿಸಿ. "ಹೋದ ವಾರ ರೊಟ್ಟಿಗೆ ಏನೇನು ಖರ್ಚಾಯಿತು?" ಎಂದು ಕೇಳಿ. ಅವರು ಹೇಳಿದ ಹಾಗೆ ಗೋಡೆಯ ಹಾಳೆಯಲ್ಲಿ ಬರೆಯುತ್ತಾ ಹೋಗಿ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಆಡಲಿ. ಗದ್ದಲ ತಗ್ಗಿದ ಮೇಲೆ ನಾಲ್ಕು ಕಾಲಂ ಎಳೆದು ಹೀಗೆ ಕೂರಿಸಿ:

| ದಿನ | ಯಾವುದಕ್ಕೆ | ರೂಪಾಯಿ | ಯಾರು ಕೊಟ್ಟರು |
|---|---|---|---|
| ಜೂನ್ 3 | ಜೋಳ 20 ಕೆಜಿ | 1000 | ಮಹಾದೇವಿ |
| ಜೂನ್ 3 | ಗಿರಣಿ | 100 | ಮಹಾದೇವಿ |
| ಜೂನ್ 4 | ಕಟ್ಟಿಗೆ | 300 | ಶರಣಮ್ಮ |
| ಜೂನ್ 5 | ಪ್ಲಾಸ್ಟಿಕ್ ಚೀಲ | 180 | ರೇಷ್ಮಾ |
| ಜೂನ್ 6 | ಕಲಬುರಗಿಗೆ ಆಟೋ | 120 | ರೇಷ್ಮಾ |
| ಜೂನ್ 6 | ಚಹಾ | 60 | ಶರಣಮ್ಮ |

ಬಾಯಿಲೆಕ್ಕದವರನ್ನೇ ಕೂಡಿಸಲು ಹೇಳಿ. 1760 ಬರಬೇಕು. ಅದನ್ನು ಹಾಳೆಯ ಮೂಲೆಯಲ್ಲಿ ದೊಡ್ಡದಾಗಿ ಬರೆದಿಡಿ, ಆಮೇಲೆ ಮೊಬೈಲನ್ನು ಪರೀಕ್ಷೆ ಮಾಡಲು ಬೇಕು.

ಚಹಾದ 60 ರೂಪಾಯಿಗೆ ನಗುತ್ತಾರೆ. ಬಿಡಬೇಡಿ. ಸಂಘದಲ್ಲಿ ಜಗಳ ಆಗುವುದು ಜೋಳದ ದುಡ್ಡಿಗಲ್ಲ, ಇಂಥ ಚಿಲ್ಲರೆಗೇ.

3:15 – 3:25: ಯಾವುದು ಖರ್ಚು, ಯಾವುದು ಅಲ್ಲ

"ನಾನು ಸಾಲದ ಕಂತು 500 ಕಟ್ಟೀನ್ರಿ ಅಕ್ಕಾ, ಅದನ್ನೂ ಬರೀಲೇನ್ರಿ?" ಎಂದು ಒಬ್ಬರಾದರೂ ಕೇಳುತ್ತಾರೆ. ಬೇಡ. ವಾರದ ಉಳಿತಾಯ, ಸಾಲದ ಕಂತು ಸಂಘದ ಪುಸ್ತಕದಲ್ಲೇ ಇರಲಿ. ಈ ಹಾಳೆ ರೊಟ್ಟಿಯದ್ದು ಮಾತ್ರ. ಸ್ವಂತ ಹೊಲದ ಕಟ್ಟಿಗೆ ಹಚ್ಚಿದರೆ? ಇವತ್ತಿಗೆ ಒಂದೇ ನಿಯಮ: ಕೈಯಿಂದ ದುಡ್ಡು ಹೋಗಿದ್ದರೆ ಬರೆಯಿರಿ, ಹೋಗದಿದ್ದರೆ ಬೇಡ. ಮನೆಯ ಕಟ್ಟಿಗೆ, ಸ್ವಂತ ದುಡಿಮೆ ಇವಕ್ಕೂ ಬೆಲೆ ಇದೆ, ಆದರೆ ಅದನ್ನು ಹಿಡಿಯುವುದು ರೊಟ್ಟಿಯ ದರ ಕಟ್ಟುವಾಗ.

3:25 – 3:50: ಮೊಬೈಲಿನಲ್ಲಿ

ಮೂವರಂತೆ ಕೂರಿಸಿ, ಕೊನೆಯ ಗುಂಪಿಗೆ ಇಬ್ಬರು. ಒಬ್ಬರು ಹೇಳಬೇಕು, ಒಬ್ಬರು ಒತ್ತಬೇಕು, ಒಬ್ಬರು ಗೋಡೆ ನೋಡಿ ಸರಿಯಾಯಿತಾ ಎಂದು ತಾಳೆ ಹಾಕಬೇಕು. ಮೊಬೈಲಿನ ಒಡತಿಯೇ ಒತ್ತುತ್ತಾ ಕೂರಬಾರದು, ಎರಡು ಸಾಲಿಗೊಮ್ಮೆ ಕೈ ಬದಲಾಗಲಿ.

+ ಒತ್ತಿ ಹೊಸ ಹಾಳೆ ತೆಗೆಯಿರಿ. ಮೊದಲ ಸಾಲಿನಲ್ಲಿ A, B, C, D ಕೆಳಗೆ ನಾಲ್ಕು ತಲೆಬರಹ. ಎರಡನೇ ಸಾಲಿನಿಂದ ಖರ್ಚು. ದಿನವನ್ನು 3/6 ಎಂದು ಹಾಕಿದರೆ ಕೆಲವು ಮೊಬೈಲ್ ಅದನ್ನು ಮಾರ್ಚ್ 6 ಎಂದುಕೊಳ್ಳುತ್ತದೆ, ಅದಕ್ಕೇ "ಜೂನ್ 3".

ಆರೂ ಸಾಲು ತುಂಬಿದ ಮೇಲೆ F2 ಮನೆಯಲ್ಲಿ ಇದನ್ನು ಹಾಕಿಸಿ:

```
=SUM(C2:C200)
```

"C ಕಾಲಂನಲ್ಲಿ ಎರಡನೇ ಸಾಲಿನಿಂದ 200ನೇ ಸಾಲಿನವರೆಗೆ ಕೂಡಿಸು" ಎಂದು ಅರ್ಥ ಹೇಳಿ. ಮೊತ್ತವನ್ನು ಪಟ್ಟಿಯ ಅಡಿಯಲ್ಲಿ ಹಾಕಿದರೆ ಪ್ರತಿ ಹೊಸ ಖರ್ಚಿಗೂ ಅದನ್ನು ಕೆಳಗೆ ತಳ್ಳಬೇಕಾಗುತ್ತದೆ, ಪಕ್ಕದಲ್ಲಿದ್ದರೆ ಆ ತಾಪತ್ರಯ ಇಲ್ಲ.

ಈಗ ಗೋಡೆಯ 1760 ನೋಡಿ. ಯಾವುದಾದರೂ ಗುಂಪಿಗೆ 1640 ಬಂದಿರುತ್ತದೆ. ನೀವು ತಿದ್ದಬೇಡಿ, ಅವರೇ ಹುಡುಕಲಿ. 120 ಕಡಿಮೆ, ಅಂದರೆ ಆಟೋ. ಆ ಮನೆಯಲ್ಲಿ "120 ರೂ" ಎಂದು ಬರೆದಿರುತ್ತಾರೆ. "ರೂ" ಸೇರಿದ ಕೂಡಲೇ ಅದು ಅಂಕಿ ಅಲ್ಲ, ಅಕ್ಷರ. ಅಕ್ಷರವನ್ನು SUM ಬಿಟ್ಟು ಕೂಡಿಸುತ್ತದೆ, ತಪ್ಪಾಯಿತು ಎಂದು ಹೇಳುವುದೂ ಇಲ್ಲ. ಗುರುತು ಸುಲಭ: ಅಂಕಿ ಮನೆಯ ಬಲಕ್ಕೆ ಅಂಟಿರುತ್ತದೆ, ಅಕ್ಷರ ಎಡಕ್ಕೆ. ಯಾರಿಗೂ ಈ ತಪ್ಪು ಆಗದಿದ್ದರೆ ನೀವೇ ಒಂದು ಮೊಬೈಲಿನಲ್ಲಿ ಸುಮ್ನೆ ಮಾಡಿ ತೋರಿಸಿ. ಇದನ್ನು ನೋಡದೆ ಯಾರೂ ಮನೆಗೆ ಹೋಗಬಾರದು.

3:50 – 4:00: ಒಬ್ಬೊಬ್ಬರಾಗಿ

ಪ್ರತಿ ಗುಂಪಿಗೂ ಹೊಸ ಖರ್ಚು ಕೊಡಿ: ಉಪ್ಪು, 25 ರೂಪಾಯಿ. ಮೊತ್ತ 1785 ಆದರೆ ಬಂತು ಎಂದರ್ಥ. ಇದನ್ನು ಈವರೆಗೆ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಒತ್ತಿದವರೇ ಹಾಕಬೇಕು.

ಸಂಘಕ್ಕೆ ಇರಬೇಕಾದ್ದು ಒಂದೇ ಹಾಳೆ. ಪುಸ್ತಕ ಬರೆಯುವವರ ಮೊಬೈಲಿನದ್ದನ್ನು ಇಟ್ಟುಕೊಂಡು, Share ಒತ್ತಿ ಉಳಿದ ನಾಲ್ಕು ಮೊಬೈಲಿಗೆ Viewer ಆಗಿ ಕಳಿಸಿ. ನೋಡಬಹುದು, ತಿದ್ದಲು ಬರುವುದಿಲ್ಲ.

ಮನೆಗೆಲಸ: ಮುಂದಿನ ಬುಧವಾರದವರೆಗಿನ ಖರ್ಚು ಅದೇ ದಿನ ಬರೆಯುವುದು. ಚೀಟಿ ಇದ್ದರೆ ಡಬ್ಬಿಯಲ್ಲಿ ಹಾಕಿಡುವುದು. ಮುಂದಿನ ಪಾಠದಲ್ಲಿ ಡಬ್ಬಿಯನ್ನೂ ಹಾಳೆಯನ್ನೂ ಎದುರಿಗಿಟ್ಟುಕೊಂಡು ತಾಳೆ ನೋಡುತ್ತೇವೆ.