ಅಕ್ಟೋಬರ್ ತಿಂಗಳ ಕರೆಂಟ್ ದುಡ್ಡಿನ ಬಗ್ಗೆ, ಮೇಲಿನ ಮನೆಯಿಂದ

ನವೆಂಬರ್ 4, ಮಂಗಳವಾರ

ನಮಸ್ಕಾರ ಅಂಕಲ್,

ನಿನ್ನೆ ಮೆಟ್ಟಿಲ ಹತ್ತಿರ ಮಾತು ಸ್ವಲ್ಪ ಜೋರಾಯಿತು. ನನಗೆ ರಾತ್ರಿಯೆಲ್ಲ ಬೇಜಾರು. ನಿಂತಲ್ಲೇ ಲೆಕ್ಕ ಹೇಳಲು ಆಗಲಿಲ್ಲ, ಅದಕ್ಕೆ ಬರೆದು ಕಳಿಸುತ್ತಿದ್ದೇನೆ. ಕೆಳಗೆ ಆರು ಫೋಟೋ ಹಾಕಿದ್ದೇನೆ. ಕನ್ನಡಕ ಹಾಕಿಕೊಂಡು ಒಂದು ಸಲ ನಿಧಾನವಾಗಿ ನೋಡಿ.

ನೀವು ಕೊಟ್ಟ ಚೀಟಿ ಮೊದಲ ಫೋಟೋ. ಹಿಂದಿನ ರೀಡಿಂಗ್ 3,846, ಈಗಿನದು 4,084, ಒಟ್ಟು 238 ಯೂನಿಟ್, ಯೂನಿಟ್‌ಗೆ 10 ರೂಪಾಯಿಯಂತೆ 2,380 ಎಂದು ಬರೆದಿದ್ದೀರಿ. 3,846 ಸರಿಯಾಗಿದೆ. ಸೆಪ್ಟೆಂಬರ್ 30ರಂದು ನಾನು ತೆಗೆದ ಫೋಟೋದಲ್ಲೂ ಅದೇ ಇದೆ, ಅದು ಎರಡನೆಯದು.

ತಪ್ಪಾಗಿರುವುದು 4,084. ಮೂರನೇ ಫೋಟೋ ನೋಡಿ. ಅಕ್ಟೋಬರ್ 31ರ ರಾತ್ರಿ 8 ಗಂಟೆಗೆ ಸಬ್‌ಮೀಟರ್‌ನಲ್ಲಿ 4,034 ಇತ್ತು. ಮೆಟ್ಟಿಲ ಕೆಳಗೆ ಕತ್ತಲು, ಡಿಸ್‌ಪ್ಲೇ ಮೇಲೆ ಧೂಳು ಬೇರೆ. ಮೂರು ಎಂಟರ ಹಾಗೆ ಕಂಡಿರಬೇಕು. ಯಾರಿಗಾದರೂ ಆಗುವಂಥದ್ದೇ. ನನ್ನ ಫೋಟೋ ಮೇಲೆ ನಂಬಿಕೆ ಬರದಿದ್ದರೂ ಪರವಾಗಿಲ್ಲ, ನಾಲ್ಕನೇ ಫೋಟೋ ಇವತ್ತು ಬೆಳಗ್ಗೆ ತೆಗೆದದ್ದು. ಇವತ್ತಿಗೂ ಮೀಟರ್ 4,055ರಲ್ಲೇ ಇದೆ. ಅಕ್ಟೋಬರ್ ಕೊನೆಗೆ 4,084 ಆಗಿದ್ದರೆ ಇವತ್ತು 4,055 ಹೇಗೆ ಬರುತ್ತೆ ಹೇಳಿ? ಮೀಟರ್ ಹಿಂದಕ್ಕೆ ಓಡಲ್ಲ ಅಲ್ವಾ. ಈಗಲೇ ಕೆಳಗೆ ಹೋಗಿ ನೋಡಿದರೂ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ದಿನಕ್ಕೆ ಆರು ಯೂನಿಟ್ ಓಡುತ್ತದೆ, 4,084 ಮುಟ್ಟಲು ಇನ್ನೂ ನಾಲ್ಕೈದು ದಿನ ಬೇಕು.

ಹಾಗಾಗಿ ಅಕ್ಟೋಬರ್‌ನಲ್ಲಿ ಸಬ್‌ಮೀಟರ್ ಓಡಿರುವುದು 188 ಯೂನಿಟ್.

ಇನ್ನು ಮೋಟರ್ ವಿಷಯ. ಇದನ್ನು ಹೇಳಲು ನನಗೆ ಸಂಕೋಚ ಆಗುತ್ತಿತ್ತು, ಆದರೆ ಹೇಳಲೇಬೇಕು. ಜುಲೈನಲ್ಲಿ ಮಳೆಗೆ ಸಂಪಿನ ಮೋಟರ್ ಸುಟ್ಟಾಗ ನೀವು ವೈರ್‌ಮನ್ ಕರೆಸಿ ಹೊಸ ಲೈನ್ ಎಳೆಸಿದಿರಿ, ನೆನಪಿದೆಯಾ? ಆಮೇಲಿಂದ ನಮ್ಮ ಯೂನಿಟ್ ಏರಿದೆ. ನಿಮ್ಮ ಹಳೆಯ ಚೀಟಿಗಳನ್ನೆಲ್ಲ ಎತ್ತಿಟ್ಟಿದ್ದೇನೆ. ಜೂನ್‌ನಲ್ಲಿ 152. ಆಗಸ್ಟ್‌ನಲ್ಲಿ 185, ಸೆಪ್ಟೆಂಬರ್‌ನಲ್ಲಿ 187. ಮನೆಗೆ ಹೊಸದಾಗಿ ಏನೂ ತಂದಿಲ್ಲ. ಅದೇ ಫ್ರಿಜ್, ಅದೇ ಗೀಸರ್, ಅದೇ ಟಿವಿ.

ಸುಮ್ನೆ ಅನುಮಾನದ ಮೇಲೆ ಮಾತಾಡಬಾರದು ಎಂದು ಭಾನುವಾರ ಪರೀಕ್ಷೆ ಮಾಡಿದೆ. ಬೆಳಗ್ಗೆ 7 ಗಂಟೆಗೆ ಆಂಟಿ ಟ್ಯಾಂಕ್ ತುಂಬಿಸುವ ಮೊದಲು ನಮ್ಮ ಮನೆಯ ಎಂಸಿಬಿಗಳನ್ನೆಲ್ಲ ಕೆಳಗೆ ಮಾಡಿದೆ. ಫ್ರಿಜ್ ಕೂಡ ಆಫ್. ಕೆಳಗೆ ಬಂದು ಸಬ್‌ಮೀಟರ್ ನೋಡಿದರೆ ಕೆಂಪು ದೀಪ ಮಿನುಗುತ್ತಿರಲಿಲ್ಲ. 4,043.6ರಲ್ಲಿ ನಿಂತಿತ್ತು. ಆಂಟಿ ಮೋಟರ್ ಹಾಕಿದ ತಕ್ಷಣ ದೀಪ ಮಿನುಗಲು ಶುರು, ಹೆಚ್ಚುಕಡಿಮೆ ಸೆಕೆಂಡಿಗೆ ಒಂದು ಸಲ. ಮೀಟರ್ ಮೇಲೆ 3200 imp/kWh ಎಂದು ಬರೆದಿದೆ. ಅಂದರೆ 3200 ಸಲ ಮಿನುಗಿದರೆ ಒಂದು ಯೂನಿಟ್. ಅರ್ಧ ಗಂಟೆಗೆ ಟ್ಯಾಂಕ್ ತುಂಬಿತು. ಆಗ ಮೀಟರ್ 4,044.1. ನಮ್ಮ ಮನೆಯಲ್ಲಿ ಒಂದು ಬಲ್ಬೂ ಉರಿಯದೆ ಅರ್ಧ ಯೂನಿಟ್ ಓಡಿದೆ. ಒಂದು ಎಚ್‌ಪಿ ಮೋಟರ್ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ, ಲೆಕ್ಕ ತಾಳೆಯಾಗುತ್ತದೆ. ಐದನೇ ಫೋಟೋದಲ್ಲಿ ಎರಡೂ ರೀಡಿಂಗ್ ಪಕ್ಕಪಕ್ಕ ಇಟ್ಟಿದ್ದೇನೆ. ವಿಡಿಯೋ ಕೂಡ ಇದೆ. ಆಂಟಿ ಅಲ್ಲೇ ಇದ್ದರು, ಅವರನ್ನೇ ಕೇಳಿ.

ಇದನ್ನು ನೀವು ಬೇಕೆಂದು ಮಾಡಿಸಿದ್ದೀರಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ವೈರ್‌ಮನ್‌ಗೆ ಹತ್ತಿರ ಸಿಕ್ಕ ಲೈನ್‌ಗೆ ಸೇರಿಸಿ ಹೋಗಿದ್ದಾನೆ. ಆದರೆ ನೀರು ಎರಡೂ ಮನೆಗೆ ಹೋಗುತ್ತದೆ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಎಂದರೆ ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ 31. ಕೆಳಗೆ ನೀವು ನಾಲ್ಕು ಜನ, ಮೇಲೆ ನಾವು ಮೂರು ಜನ. ಅಷ್ಟು ಚೌಕಾಶಿ ಬೇಡ, ಅರ್ಧರ್ಧ ಇರಲಿ. ನಿಮ್ಮ ಪಾಲು 15 ಯೂನಿಟ್ ಕಳೆದರೆ ನಮ್ಮದು 173.

ಇನ್ನು ರೇಟ್. ಮನೆಗೆ ಬಂದಾಗ ಕರಾರು ಪತ್ರದಲ್ಲಿ "ಬೆಸ್ಕಾಂ ಬಿಲ್ ಪ್ರಕಾರ" ಎಂದು ಬರೆದಿದ್ದೇವೆ. ಇಲ್ಲಿಯವರೆಗೆ 8 ರೂಪಾಯಿ ತಗೊಳ್ಳುತ್ತಿದ್ದಿರಿ. ಈ ತಿಂಗಳು ಏನೂ ಹೇಳದೆ 10 ಆಗಿದೆ. ಎಲ್ಲರೂ ಹತ್ತೇ ತಗೊಳ್ಳೋದು ಎಂದಿರಿ. ಬೇರೆಯವರದ್ದು ನನಗೆ ಬೇಡ, ನಮ್ಮ ಬಿಲ್ ನೋಡೋಣ. ನಿಮ್ಮ ಮಗ ವಾಟ್ಸಾಪ್‌ನಲ್ಲಿ ಕಳಿಸಿದ ಬಿಲ್‌ನ ಸ್ಕ್ರೀನ್‌ಶಾಟ್ ಆರನೆಯದು. ಒಟ್ಟು 412 ಯೂನಿಟ್. ಯೂನಿಟ್‌ಗೆ 5.80ರಂತೆ 2,390. ನಾಲ್ಕು ಕಿಲೋವ್ಯಾಟ್‌ಗೆ ನಿಗದಿತ ಶುಲ್ಕ 145ರಂತೆ 580. ಸರ್‌ಚಾರ್ಜ್‌ಗಳೆಲ್ಲ ಸೇರಿ 202. ತೆರಿಗೆ 9 ಪರ್ಸೆಂಟ್, 215. ಕಟ್ಟಬೇಕಾದ್ದು 3,387. ಬರೀ 5.80 ಕೊಡುತ್ತೇನೆ ಎಂದು ನಾನು ಹೇಳಲ್ಲ, ಅದು ನಿಮಗೆ ಅನ್ಯಾಯ. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿಸಿ 3,387ನ್ನು 412ರಿಂದ ಭಾಗಿಸಿದರೆ 8 ರೂಪಾಯಿ 22 ಪೈಸೆ ಬರುತ್ತದೆ. ಹಳೆಯ 8ಕ್ಕಿಂತ ಸ್ವಲ್ಪ ಜಾಸ್ತಿಯೇ. ಅದನ್ನೇ ಕೊಡುತ್ತೇನೆ.

ನೀವು ಹೇಳಿದಂತೆ 2,380 ಕಟ್ಟಿದರೆ, 3,387ರ ಬಿಲ್‌ನಲ್ಲಿ ಕೆಳಗಿನ ಮನೆಗೆ ಉಳಿಯುವುದು 1,007 ರೂಪಾಯಿ ಮಾತ್ರ. ನೀವೇ ಯೋಚನೆ ಮಾಡಿ.

173 ಯೂನಿಟ್‌ಗೆ 8.22ರಂತೆ 1,422 ಆಗುತ್ತದೆ. ಈಗಷ್ಟೇ ಫೋನ್‌ಪೇಯಲ್ಲಿ ಹಾಕಿದ್ದೇನೆ, ನೋಡಿಕೊಳ್ಳಿ. ಬಿಲ್ ಕಟ್ಟುವುದು ತಡವಾಗಬಾರದು ಎಂದು ಮಾತುಕತೆಗೆ ಕಾಯಲಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲೂ ಮೋಟರ್ ನಮ್ಮ ಲೈನ್‌ನಲ್ಲೇ ಓಡಿದೆ. ತಿಂಗಳಿಗೆ 15ರಂತೆ 30 ಯೂನಿಟ್, ಆಗಿನ ರೇಟ್‌ನಲ್ಲಿ 240 ರೂಪಾಯಿ. ಕೈಗೆ ಕೊಡಬೇಕಿಲ್ಲ, ಮುಂದಿನ ತಿಂಗಳ ಲೆಕ್ಕದಲ್ಲಿ ಮುರಿದುಕೊಳ್ಳಿ. ಜುಲೈದು ಯಾವ ದಿನದಿಂದ ಎಂದು ನನಗೆ ಸರಿಯಾಗಿ ನೆನಪಿಲ್ಲ, ಬಿಟ್ಟುಬಿಡಿ.

ಮೋಟರ್ ಲೈನ್ ಬದಲಾಯಿಸಿಬಿಟ್ಟರೆ ಪ್ರತಿ ತಿಂಗಳು ಈ ಕಳೆಯುವ ಕೆಲಸ ಇರಲ್ಲ. ಅದನ್ನು ನಿಮ್ಮ ಕಡೆ ಹಾಕಿಸಿ, ನಮ್ಮ ಪಾಲಿನ 15 ಯೂನಿಟ್ ಪ್ರತಿ ತಿಂಗಳು ಸೇರಿಸಿಯೇ ಕೊಡುತ್ತೇನೆ. ವೈರ್‌ಮನ್ ಕೂಲಿಯಲ್ಲಿ ಅರ್ಧ ನನ್ನದು. ಇನ್ನು ಮೇಲೆ ತಿಂಗಳ ಕೊನೆಯ ದಿನ ಇಬ್ಬರೂ ನಿಂತು ರೀಡಿಂಗ್ ನೋಡೋಣ. ಟಾರ್ಚ್ ನಾನು ತರುತ್ತೇನೆ.

ಒಂದೇ ಒಂದು ಮಾತು ಮನಸ್ಸಿಗೆ ನೋವಾಯಿತು ಅಂಕಲ್. "ದುಡ್ಡು ಕಟ್ಟದಿದ್ದರೆ ಫ್ಯೂಸ್ ಕಿತ್ತು ಹಾಕ್ತೀನಿ" ಎಂದಿರಿ. ಮಗಳು ಪಕ್ಕದಲ್ಲೇ ನಿಂತಿದ್ದಳು. ರಾತ್ರಿ ಓದಲು ಕೂತಾಗ "ಅಮ್ಮ, ಕರೆಂಟ್ ತೆಗೆದುಬಿಡ್ತಾರಾ?" ಎಂದು ಎರಡು ಸಲ ಕೇಳಿದಳು. ನಾಲ್ಕು ವರ್ಷದಲ್ಲಿ ಒಂದು ತಿಂಗಳೂ ಬಾಡಿಗೆ ತಡ ಮಾಡಿಲ್ಲ ನಾವು. ಅವಳ ಮುಂದೆ ಆ ಮಾತು ಬೇಡ.

ಇವತ್ತು ಸಂಜೆ 7ರ ಮೇಲೆ ನಾವಿಬ್ಬರೂ ಮನೆಯಲ್ಲೇ ಇರುತ್ತೇವೆ. ನೀವು ಚೀಟಿ ತನ್ನಿ, ನಾನು ಫೋನ್ ತರುತ್ತೇನೆ, ಮೀಟರ್ ಹತ್ತಿರವೇ ಕೂತು ನೋಡೋಣ. ನನ್ನ ಲೆಕ್ಕದಲ್ಲಿ ತಪ್ಪು ಕಂಡರೆ ಹೇಳಿ, ಬಾಕಿ ಅಲ್ಲೇ ಹಾಕಿಬಿಡುತ್ತೇನೆ.

ರಶ್ಮಿ
ಮೇಲಿನ ಮನೆ