ಮಿಡಿ ಉಪ್ಪಿನಕಾಯಿಗೆ ದೂರು ಬಂದಾಗ ಕಳಿಸುವ ಉತ್ತರಗಳು

ವಾಟ್ಸಾಪ್ ನೋಡಿಕೊಳ್ಳುವವರು ಗಿರಾಕಿಯ ಮೆಸೇಜ್ ಪೂರ್ತಿ ಓದಿ, ಆಮೇಲೆ ಕಾಪಿ ಮಾಡಿ. ದಿನ, ಊರು, ಮೊತ್ತ ಆಯಾ ಆರ್ಡರಿನದ್ದು ಹಾಕಿ.

ಬಾಟಲಿ ಒಡೆದಿದೆ

ನಮಸ್ಕಾರ. ಫೋಟೋ ನೋಡಿ ಬೇಜಾರಾಯಿತು, ಕ್ಷಮಿಸಿ. ಗಾಜಿನ ಚೂರು ಸೇರಿರಬಹುದು, ದಯವಿಟ್ಟು ರುಚಿ ಕೂಡ ನೋಡಬೇಡಿ. ವಾಪಸ್ ಕಳಿಸುವುದೂ ಬೇಡ. ನಾಳೆಯೇ ಬೇರೆ ಬಾಟಲಿ ಕಳಿಸೋಣವೇ, ಇಲ್ಲಾ 320 ರೂಪಾಯಿ ವಾಪಸ್ ಹಾಕೋಣವೇ? ನೀವು ಹೇಳಿದಂತೆ.

ಒಡೆದಿದ್ದನ್ನು ತಡವಾಗಿ ಹೇಳಿದರೆ

ನಮಸ್ಕಾರ. ಪಾರ್ಸೆಲ್ ನಿಮ್ಮ ಕೈಸೇರಿ 12 ದಿನವಾಗಿದೆ. ಎರಡು ದಿನದೊಳಗೆ ಫೋಟೋ ಬಂದರೆ ಮಾತ್ರ ನಮಗೆ ಕೊರಿಯರ್‌ನವರಿಂದ ಪರಿಹಾರ ಸಿಗುತ್ತದೆ. ಹಾಗಾಗಿ ಹಣ ವಾಪಸ್ ಕೊಡಲು ಆಗುತ್ತಿಲ್ಲ. ಮುಂದಿನ ಆರ್ಡರಿನ ಕೊರಿಯರ್ ಖರ್ಚು 70 ರೂಪಾಯಿ ನಮ್ಮದೇ.

ಉಪ್ಪು ಜಾಸ್ತಿ, ಮಿಡಿ ಸುಕ್ಕಾಗಿದೆ

ನಮಸ್ಕಾರ. ಮಿಡಿ ಹಳೆಯದಾಗಿ ಸುಕ್ಕಾಗಿದ್ದಲ್ಲ. ಕೊಯ್ದ ಅಪ್ಪೆಮಿಡಿಯನ್ನು ಕಲ್ಲುಪ್ಪಿನಲ್ಲಿ ಹಾಕಿಡುತ್ತೇವೆ. ಉಪ್ಪು ಒಳಗಿನ ನೀರನ್ನು ಎಳೆದು, ಮಿಡಿ ಚಿರುಟಿಕೊಳ್ಳುತ್ತದೆ. ಆಮೇಲೆ ಮೆಣಸಿನ ಪುಡಿ, ಸಾಸಿವೆ ಕಲಸುತ್ತೇವೆ. ವಿನೆಗರ್ ಹಾಕುವುದಿಲ್ಲ, ಕೆಡದಂತೆ ಕಾಯುವುದು ಉಪ್ಪೇ. ಅದಕ್ಕೇ ಸುಮ್ನೆ ತಿಂದರೆ ಜಾಸ್ತಿ ಅನಿಸುತ್ತದೆ. ಉಪ್ಪು ಹಾಕದ ಮೊಸರನ್ನಕ್ಕೆ ಒಂದು ಮಿಡಿ ನೆಂಚಿಕೊಂಡು ನೋಡಿ. ತೆರೆದ ಬಾಟಲಿಯನ್ನು ಮಾತ್ರ ವಾಪಸ್ ತಗೊಳ್ಳುವುದಿಲ್ಲ. ತಿನ್ನುವ ವಸ್ತು, ಇನ್ನೊಬ್ಬರಿಗೆ ಮಾರುವಂತಿಲ್ಲ ಅಲ್ವಾ? ತೆರೆಯದೆ ಇಟ್ಟಿರುವ ಎರಡನೇ ಬಾಟಲಿಯನ್ನು ಏಳು ದಿನದೊಳಗೆ ಕಳಿಸಿ. ಅದರ ದುಡ್ಡು ವಾಪಸ್ ಹಾಕುತ್ತೇವೆ.

(“ನಮ್ಮಜ್ಜಿ ಮಾಡಿದ ಹಾಗಿಲ್ಲ” ಎಂದರೆ ವಾದ ಬೇಡ. ಅಜ್ಜಿಯ ಕೈರುಚಿಯ ಎದುರು ಯಾರೂ ಗೆಲ್ಲುವುದಿಲ್ಲ.)

ಬೂಷ್ಟು ಬಂದಿದೆ

ನಮಸ್ಕಾರ. ದಯವಿಟ್ಟು ತಿನ್ನಬೇಡಿ. ಮೇಲಿನದು ತೆಗೆದು ಬಳಸುವುದೂ ಬೇಡ. ಮುಚ್ಚಳದ ಮೇಲಿನ ತಾರೀಕಿನ ಫೋಟೋ ಕಳಿಸಿ, ಪೂರ್ತಿ ಹಣ ಇವತ್ತೇ ಹಾಕುತ್ತೇವೆ. ಅದೇ ದಿನ ತುಂಬಿದ ಉಳಿದ ಬಾಟಲಿಗಳನ್ನೂ ತೆರೆದು ನೋಡುತ್ತೇವೆ.

(ಇಲ್ಲಿ “ಒದ್ದೆ ಚಮಚ ಹಾಕಿದ್ರಾ?” ಅಂತ ಕೇಳಲೇಬೇಡಿ. ಹಾಕಿದ್ದರೂ ಸರಿ.)

ಪಾರ್ಸೆಲ್ ಬಂದಿಲ್ಲ

ನಮಸ್ಕಾರ. ನಿಮ್ಮ ಪಾರ್ಸೆಲ್ ಸೋಮವಾರ ಸಾಗರದಿಂದ ಹೊರಟಿದೆ. ಬುಧವಾರದಿಂದ ಹುಬ್ಬಳ್ಳಿಯಲ್ಲೇ ನಿಂತಿದೆ. ಬೆಳಿಗ್ಗೆ ಕೊರಿಯರ್‌ನವರಿಗೆ ಫೋನ್ ಮಾಡಿದ್ದೇವೆ. ಶನಿವಾರ ಸಂಜೆಯೊಳಗೆ ಅದು ಅಲ್ಲಿಂದ ಹೊರಡದಿದ್ದರೆ, ಬೇರೆ ಪಾರ್ಸೆಲ್ ಕಳಿಸುತ್ತೇವೆ.

(“ನಾಳೆ ಖಂಡಿತ ಬರುತ್ತೆ” ಎಂದು ಬರೆಯಬೇಡಿ. ಲಾರಿ ನಮ್ಮದಲ್ಲ.)

ದುಡ್ಡು ಕಟ್ಟಾಯಿತು, ಆರ್ಡರ್ ಆಗಿಲ್ಲ

ನಮಸ್ಕಾರ. ನಿಮ್ಮ 640 ರೂಪಾಯಿ ನಮ್ಮ ಖಾತೆಯಲ್ಲಿ ಇನ್ನೂ ಕಾಣಿಸಿಲ್ಲ. ಪಾವತಿಯ ಯುಟಿಆರ್ ನಂಬರ್ ಕಳಿಸಿ, ಹುಡುಕುತ್ತೇವೆ. ನಮಗೆ ಬಂದಿದ್ದರೆ ಅದೇ ದಿನ ಆರ್ಡರ್ ಹಾಕುತ್ತೇವೆ. ಬಂದಿಲ್ಲದಿದ್ದರೆ ನಿಮ್ಮ ಬ್ಯಾಂಕಿನಲ್ಲಿ ಅದೇ ನಂಬರ್ ಕೊಟ್ಟು ದೂರು ದಾಖಲಿಸಿ. ಪಿನ್, ಓಟಿಪಿ ನಾವು ಯಾವತ್ತೂ ಕೇಳುವುದಿಲ್ಲ. ನಮ್ಮ ಅಂಗಡಿ ಹೆಸರು ಹೇಳಿ ಯಾರು ಕೇಳಿದರೂ ಕೊಡಬೇಡಿ.