ಶುಲ್ಕದ ಲೆಕ್ಕ ನಿಮ್ಮ ಮುಂದಿದೆ
(ತಿಪಟೂರು ತಾಲ್ಲೂಕಿನ ಒಂದು ಅನುದಾನರಹಿತ ಶಾಲೆಯಲ್ಲಿ 2026ರ ಫೆಬ್ರುವರಿ 21ರ ಶನಿವಾರ ನಡೆದ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ತಾಯಂದಿರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಬೆಂಚುಗಳು ಖಾಲಿ ಇವೆ. ಬಾಗಿಲ ಬಳಿ ನಿಂತಿರುವ ಅಣ್ಣಂದಿರೂ ಒಳಗೆ ಬಂದು ಕುಳಿತುಕೊಳ್ಳಿ. ಇವತ್ತು ವೇದಿಕೆಯ ಮೇಲೆ ಯಾರಿಗೂ ಕುರ್ಚಿ ಹಾಕಿಸಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಮೂವರೂ ನಿಮ್ಮ ನಡುವೆಯೇ ಕುಳಿತಿದ್ದಾರೆ.

ಮುಂದಿನ ವರ್ಷದಿಂದ ಮಗುವೊಂದಕ್ಕೆ ಶುಲ್ಕವನ್ನು 4,500 ರೂಪಾಯಿ ಏರಿಸುವ ನೋಟಿಸಿನ ಬಗ್ಗೆ ಮಾತನಾಡಲು ಇವತ್ತು ಸೇರಿದ್ದೇವೆ. ಶುಲ್ಕದ ಮಾತಿಗೆ ಮೊದಲು ಮಕ್ಕಳ ಮಾತು. ಹಣ ಬಾಕಿ ಇರುವವರ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪ್ರವೇಶಪತ್ರ ಕೊಡುವುದಿಲ್ಲ ಎಂಬ ಸುದ್ದಿ ಈ ವಾರ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿದೆ. ಅದು ಸುಳ್ಳು. ಪ್ರವೇಶಪತ್ರ ಪರೀಕ್ಷಾ ಮಂಡಳಿಯದು, ಮಗುವಿನದು; ಅದನ್ನು ತಡೆಹಿಡಿಯುವ ಅಧಿಕಾರ ನನಗೂ ಇಲ್ಲ, ಆಡಳಿತ ಮಂಡಳಿಗೂ ಇಲ್ಲ. ಒಂದು ರೂಪಾಯಿ ಕಟ್ಟದಿದ್ದರೂ ಹತ್ತನೇ ತರಗತಿಯ ಎಲ್ಲ ಮಕ್ಕಳೂ ಪರೀಕ್ಷೆ ಬರೆಯುತ್ತಾರೆ. ಬಾಕಿಯ ಕಾರಣಕ್ಕೆ ಯಾವ ಮಗುವನ್ನೂ ತರಗತಿಯಿಂದ ಎಬ್ಬಿಸುವುದಿಲ್ಲ, ಯಾರ ಹೆಸರನ್ನೂ ಪ್ರಾರ್ಥನೆಯ ವೇಳೆ ಓದುವುದಿಲ್ಲ. ಶಾಲೆ ಬಿಡಿಸಿ ಬೇರೆಡೆ ಸೇರಿಸುತ್ತೇವೆ ಎನ್ನುವವರಿಗೆ ವರ್ಗಾವಣೆ ಪತ್ರ ಕೊಡಲು ಸತಾಯಿಸುವುದಿಲ್ಲ. ಹಣಕಾಸಿನ ಮಾತು ದೊಡ್ಡವರ ಮಾತು. ಅದು ಈ ಕೋಣೆಯಲ್ಲಿ ನಡೆಯಲಿ, ನಾಲ್ಕನೇ ತರಗತಿಯ ಹುಡುಗಿಯ ಕೈಯಲ್ಲಿ ಚೀಟಿಯಾಗಿ ಮನೆಗೂ ಶಾಲೆಗೂ ಓಡಾಡುವುದು ಬೇಡ.

ಮೊನ್ನೆ ಗುರುವಾರ ಗೇಟಿನ ಬಳಿ ನಡೆದದ್ದನ್ನು ನಾನೂ ನೋಡಿದೆ. ಕಚೇರಿಯ ಗುಮಾಸ್ತರ ಮೇಲೆ ಕೂಗಾಡಿದವರು ಕೆಲವರು. ಕೂಗಾಡಿದವರನ್ನು ಬಾಯಿಗೆ ಬಂದಂತೆ ಅಂದವರು ಕೆಲವರು. ಏರಿಕೆ ಬೇಡ ಎನ್ನುವವರಿಗೆ ಮಕ್ಕಳ ವಿದ್ಯೆಯ ಮೇಲೆ ಪ್ರೀತಿ ಇಲ್ಲ ಎಂಬ ಮಾತು ಬಂತು. ಏರಿಕೆ ಒಪ್ಪುವವರು ದುಡ್ಡಿನ ಸೊಕ್ಕಿನವರು ಎಂಬ ಮಾತೂ ಬಂತು. ಎರಡೂ ಮಾತು ನ್ಯಾಯವಲ್ಲ. ಅರವತ್ತಕ್ಕೂ ಹೆಚ್ಚು ಪೋಷಕರು ಸಹಿ ಹಾಕಿ ಕೊಟ್ಟ ಮನವಿಯನ್ನು ಓದಿದ್ದೇನೆ. ಅದರಲ್ಲಿ ಬೈಗುಳ ಇಲ್ಲ, ಒಂದೇ ಒಂದು ಪ್ರಶ್ನೆ ಇದೆ: ನಾಲ್ಕೂವರೆ ಸಾವಿರ ಯಾಕೆ, ಲೆಕ್ಕ ಕೊಡಿ. ಹಣ ಕೊಡುವವರು ಲೆಕ್ಕ ಕೇಳುವುದು ಹಕ್ಕು. ಹಾಗಾಗಿ ಇವತ್ತು ಭಾಷಣ ಮಾಡುವುದಿಲ್ಲ, ಲೆಕ್ಕ ಹೇಳುತ್ತೇನೆ. ಬಾಗಿಲಲ್ಲಿ ನಿಮ್ಮ ಕೈಗೆ ಕೊಟ್ಟ ಹಾಳೆಯಲ್ಲಿಯೂ ಇವೇ ಅಂಕಿಗಳಿವೆ.

ನಮ್ಮಲ್ಲಿ 412 ಮಕ್ಕಳಿದ್ದಾರೆ. ಶುಲ್ಕ ಕಟ್ಟುವವರು 398. ತರಗತಿಯಿಂದ ತರಗತಿಗೆ ವ್ಯತ್ಯಾಸ ಇದ್ದರೂ ಸರಾಸರಿ ವರ್ಷಕ್ಕೆ 15,500 ರೂಪಾಯಿ. ಅಂದರೆ ಬರಬೇಕಾದದ್ದು 61 ಲಕ್ಷ 69 ಸಾವಿರ. ಇದರಲ್ಲಿ 5 ಲಕ್ಷ 20 ಸಾವಿರ ಇನ್ನೂ ಬಂದಿಲ್ಲ. ಶಿಕ್ಷಕರು 21 ಮಂದಿ, ಕಚೇರಿ ಮತ್ತು ಸ್ವಚ್ಛತೆಯವರು ಆರು ಮಂದಿ. ಇವರ ಸಂಬಳ ತಿಂಗಳಿಗೆ 3 ಲಕ್ಷ 85 ಸಾವಿರ, ವರ್ಷಕ್ಕೆ 46 ಲಕ್ಷ 20 ಸಾವಿರ. ಭವಿಷ್ಯ ನಿಧಿಗೆ ಶಾಲೆ ಕಟ್ಟುವ ಪಾಲು ಸುಮಾರು ಐದೂವರೆ ಲಕ್ಷ. ವಿದ್ಯುತ್, ನೀರು, ಪ್ರಯೋಗಾಲಯ, ಪರೀಕ್ಷೆಯ ಮುದ್ರಣ, ದುರಸ್ತಿ ಎಲ್ಲ ಸೇರಿ ಎಂಟು ಲಕ್ಷ. ಒಟ್ಟು 59 ಲಕ್ಷ 70 ಸಾವಿರ. ಕೈಗೆ ಬಂದಿರುವುದು 56 ಲಕ್ಷ 49 ಸಾವಿರ. ಕೊರತೆ ಬಿದ್ದ ಮೂರು ಲಕ್ಷ ಚಿಲ್ಲರೆಯನ್ನು ಟ್ರಸ್ಟ್ ತನ್ನ ಮಳಿಗೆಗಳ ಬಾಡಿಗೆಯಿಂದ ತುಂಬಿದೆ. ಬಸ್ಸಿನ ಲೆಕ್ಕ ಬೇರೆ, ಅದನ್ನು ಇದರಲ್ಲಿ ಸೇರಿಸಿಲ್ಲ.

ಈಗ ಏರಿಕೆಯ ವಿಷಯ. 4,500 ರೂಪಾಯಿಯಂತೆ 398 ಮಕ್ಕಳಿಂದ 17 ಲಕ್ಷ 91 ಸಾವಿರ ಆಗುತ್ತದೆ. ಪ್ರಸ್ತಾವದಲ್ಲಿ ಇದಕ್ಕೆ ನಾಲ್ಕು ಬಾಬ್ತುಗಳಿದ್ದವು. ಸಂಬಳದ ಹೆಚ್ಚಳಕ್ಕೆ ಆರು ಲಕ್ಷ. ನಿವೃತ್ತರಾಗುವ ಇಬ್ಬರು ಶಿಕ್ಷಕಿಯರ ಗ್ರಾಚ್ಯುಟಿಗೆ ನಾಲ್ಕೂವರೆ ಲಕ್ಷ. ಸ್ಮಾರ್ಟ್ ಬೋರ್ಡುಗಳಿಗೆ ನಾಲ್ಕು ಲಕ್ಷ. ಉಳಿದ ಸುಮಾರು ಮೂರು ಲಕ್ಷ ನಲವತ್ತು ಸಾವಿರ ಕಾಂಪೌಂಡು ಮತ್ತು ಮುಂಭಾಗದ ಕಮಾನಿಗೆ.

ಸಂಬಳದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಸಹಿಸಿಕೊಳ್ಳಿ. ಇಲ್ಲಿ ಹೊಸದಾಗಿ ಸೇರಿದ ಶಿಕ್ಷಕಿಗೆ ತಿಂಗಳಿಗೆ 12,000. ಇಪ್ಪತ್ತು ವರ್ಷ ದಾಟಿದವರಿಗೆ 19,000. ಬಿ.ಎಡ್. ಮಾಡಿದವರಿಗೆ ಕೊಡುವ ಸಂಬಳವೇ ಇದು ಎಂದು ನೀವೇ ಯೋಚಿಸಿ. 2020-21ರಲ್ಲಿ ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ಪಡೆಯಬೇಕು ಎಂದು ಸರ್ಕಾರ ಹೇಳಿದಾಗ ನಿಮ್ಮ ಕಷ್ಟ ನೋಡಿ ಹಾಗೆಯೇ ನಡೆದುಕೊಂಡೆವು. ಆ ವರ್ಷ ಇವರೆಲ್ಲ ಎಷ್ಟೋ ತಿಂಗಳು ಅರ್ಧ ಸಂಬಳ ಪಡೆದು, ಮೊಬೈಲ್ ಇಲ್ಲದ ಮಕ್ಕಳಿಗಾಗಿ ನಿಮ್ಮ ಹಳ್ಳಿಗಳ ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ ಪಾಠ ಮಾಡಿದರು. ಕೊನೆಯ ಬಾರಿ ಅವರ ಸಂಬಳ ಹೆಚ್ಚಿದ್ದು 2022ರಲ್ಲಿ. ಕಳೆದ ನವೆಂಬರ್‌ನಲ್ಲಿ ಗಣಿತ ಶಿಕ್ಷಕಿ ತುಮಕೂರಿನ ಶಾಲೆಯೊಂದಕ್ಕೆ ಹೋದರು. ಅಲ್ಲಿ ಆರು ಸಾವಿರ ಹೆಚ್ಚು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಹತ್ತನೇ ತರಗತಿಯ ಮಕ್ಕಳು ವರ್ಷದ ನಡುವೆ ಶಿಕ್ಷಕರನ್ನು ಬದಲಿಸಬೇಕಾಯಿತು, ತ್ರಿಕೋನಮಿತಿ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಯಿತು. ಆರು ಲಕ್ಷ ಎಂದರೆ ದೊಡ್ಡದಾಗಿ ಕೇಳುತ್ತದೆ. 27 ಮಂದಿಗೆ ಹಂಚಿದರೆ ಭವಿಷ್ಯ ನಿಧಿಯ ಪಾಲೂ ಸೇರಿ ತಿಂಗಳಿಗೆ ಒಬ್ಬರಿಗೆ ಸುಮಾರು 1,850 ರೂಪಾಯಿ. ಇದರಲ್ಲಿ ಒಂದು ಪೈಸೆ ಕಡಿಮೆ ಮಾಡಿ ಎಂದು ನನ್ನನ್ನು ಕೇಳಬೇಡಿ.

ಗ್ರಾಚ್ಯುಟಿಯೂ ಬಿಡುವಂಥದ್ದಲ್ಲ. 2009ರ ತಿದ್ದುಪಡಿಯಿಂದ ಖಾಸಗಿ ಶಾಲೆಯ ಶಿಕ್ಷಕರಿಗೂ ಅದು ಸಲ್ಲಬೇಕು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇಬ್ಬರಲ್ಲಿ ಒಬ್ಬರ ಸೇವೆ 24 ವರ್ಷ, ಇನ್ನೊಬ್ಬರದು 19. ಇಲ್ಲಿ ಕುಳಿತಿರುವ ಕೆಲವರು ಅವರ ಬಳಿಯೇ ಅಕ್ಷರ ಕಲಿತವರು. ಆದರೆ ಇಪ್ಪತ್ತನಾಲ್ಕು ವರ್ಷದ ಋಣವನ್ನು ಒಂದೇ ವರ್ಷದ ಮಕ್ಕಳ ಮೇಲೆ ಹೊರಿಸುವುದು ಸರಿಯಲ್ಲ ಎಂಬ ನಿಮ್ಮ ಮಾತಿನಲ್ಲಿ ಹುರುಳಿದೆ. ಇದನ್ನು ಮಂಡಳಿಯ ಮುಂದೆ ಇಟ್ಟೆ. ಅರ್ಧದಷ್ಟು, ಅಂದರೆ ಎರಡೂಕಾಲು ಲಕ್ಷವನ್ನು ಟ್ರಸ್ಟ್ ಭರಿಸಲು ಅಧ್ಯಕ್ಷರು ಒಪ್ಪಿದ್ದಾರೆ.

ಕಾಂಪೌಂಡು, ಕಮಾನು ಈಗ ಬೇಡ. ಇದನ್ನು ಮಂಡಳಿಯವರ ಎದುರಿನಲ್ಲೇ ಹೇಳುತ್ತಿದ್ದೇನೆ. ದಾನಿಗಳು ಸಿಕ್ಕಾಗ ಕಟ್ಟಿಸೋಣ. ಸ್ಮಾರ್ಟ್ ಬೋರ್ಡು ಬೇಕೆಂದು ಕೇಳಿದ ಪೋಷಕರೂ ಇದ್ದಾರೆ, ಅವರ ಆಸೆ ತಪ್ಪಲ್ಲ; ಪಕ್ಕದ ಶಾಲೆಗಳಲ್ಲಿ ನೋಡಿದ್ದಾರೆ. ಆದರೆ ಗಣಿತಕ್ಕೆ ಶಿಕ್ಷಕಿಯೇ ಉಳಿಯದ ಕೋಣೆಯಲ್ಲಿ ಬೋರ್ಡು ತಾನಾಗಿ ಪಾಠ ಹೇಳುವುದಿಲ್ಲ. ಅದನ್ನೂ ಈ ವರ್ಷ ಕೈಬಿಡಲು ಮಂಡಳಿ ಒಪ್ಪಿದೆ.

ಹಾಗಾದರೆ ಉಳಿದದ್ದು ಸಂಬಳದ ಆರು ಲಕ್ಷ, ಗ್ರಾಚ್ಯುಟಿಯ ಎರಡೂಕಾಲು ಲಕ್ಷ. ಒಟ್ಟು 8 ಲಕ್ಷ 25 ಸಾವಿರ. ಮಗುವೊಂದಕ್ಕೆ ಸುಮಾರು 2,100 ರೂಪಾಯಿ. ನನ್ನ ಅಭಿಪ್ರಾಯ ಕೇಳಿದರೆ ಇಷ್ಟು ಹೆಚ್ಚಳ ಬೇಕೇ ಬೇಕು, ಇದಕ್ಕಿಂತ ಹೆಚ್ಚು ಬೇಡ. ಆದರೆ ನಾನು ಹೇಳಿದೆ ಎಂದು ಒಪ್ಪಬೇಡಿ. 4,500ರ ನೋಟಿಸನ್ನು ಇವತ್ತಿನಿಂದ ತಡೆಹಿಡಿಯಲಾಗಿದೆ. ನೀವು ಏಳು ಮಂದಿ ಪೋಷಕರನ್ನು ಆರಿಸಿ. ಕನಿಷ್ಠ ಮೂವರು ತಾಯಂದಿರು ಇರಲಿ, ಮನವಿಗೆ ಸಹಿ ಹಾಕಿದವರೂ ಹಾಕದವರೂ ಇರಲಿ. ಕಳೆದ ಮೂರು ವರ್ಷದ ಆಡಿಟ್ ವರದಿ, ಸಂಬಳದ ಪುಸ್ತಕ, ರಸೀದಿಗಳ ಕಟ್ಟು, ಬ್ಯಾಂಕಿನ ಪಾಸ್‌ಬುಕ್ ಎಲ್ಲವೂ ನನ್ನ ಕೋಣೆಯಲ್ಲಿ ತೆರೆದಿರುತ್ತವೆ. ಮಾರ್ಚ್ 7ರೊಳಗೆ ಅವರು ನೋಡಿ ಮುಗಿಸಲಿ. ಮಾರ್ಚ್ 14ರ ಶನಿವಾರ ಇದೇ ಸಭಾಂಗಣದಲ್ಲಿ ಮತ್ತೆ ಸೇರೋಣ. ಅವರ ಲೆಕ್ಕದಲ್ಲಿ 2,100ಕ್ಕಿಂತ ಕಡಿಮೆ ಸಾಕು ಎಂದಾದರೆ ಕಡಿಮೆಯೇ ಆಗಲಿ.

ಕಟ್ಟುವ ಬಗೆಯೂ ಮುಖ್ಯ. ಜೂನ್ ತಿಂಗಳಲ್ಲಿ ಅರ್ಧ ಹಣ ಕಟ್ಟಿ ಎಂದರೆ ನಮ್ಮ ಕಡೆಯ ರೈತರು ಎಲ್ಲಿಂದ ತರುತ್ತಾರೆ? ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಶಾಲೆಯ ಅವಸರಕ್ಕೆ ಕಡಿಮೆ ಬೆಲೆಗೆ ಮಾರಿ ನಷ್ಟ ಮಾಡಿಕೊಂಡವರನ್ನು ನಾನು ಬಲ್ಲೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಅಷ್ಟು ಹಣ ಒಟ್ಟಿಗೆ ಸಿಗುವುದೇ ಇಲ್ಲ. ಆದ್ದರಿಂದ ಮುಂದಿನ ವರ್ಷದಿಂದ ಎರಡು ದಾರಿ ಇರುತ್ತವೆ. ತಿಂಗಳ ಸಂಬಳದವರು ಹತ್ತು ಕಂತುಗಳಲ್ಲಿ ಕಟ್ಟಬಹುದು. ಕೊಬ್ಬರಿ ಮಾರುವವರು ತಮಗೆ ಅನುಕೂಲವಾದ ಎರಡು ತಿಂಗಳುಗಳನ್ನು ಮೊದಲೇ ಬರೆದುಕೊಡಬಹುದು. ದಂಡ ಶುಲ್ಕ ಇರುವುದಿಲ್ಲ. ಹಳೆಯ ಬಾಕಿ ಇರುವವರು ನನ್ನನ್ನು ಒಂಟಿಯಾಗಿ ಬಂದು ನೋಡಿ. ಮನೆಯಲ್ಲಿ ಕಾಯಿಲೆ, ಸಾವು ಆಗಿರುವ ಕಡೆ ಏನು ಮಾಡಬೇಕೆಂದು ಮಂಡಳಿಯ ಜೊತೆ ಮಾತನಾಡುತ್ತೇನೆ. ಕಟ್ಟಲು ಶಕ್ತಿ ಇದ್ದೂ ಬಾಕಿ ಉಳಿಸಿಕೊಂಡಿರುವವರು ದಯವಿಟ್ಟು ಈ ತಿಂಗಳು ಕಟ್ಟಿಬಿಡಿ. ನಿಮ್ಮ ಬಾಕಿಯ ಭಾರವನ್ನು ಹೊರುತ್ತಿರುವವರು ಪಕ್ಕದಲ್ಲಿ ಕುಳಿತ ಇನ್ನೊಬ್ಬ ಪೋಷಕರೇ.

ಇನ್ನೊಂದು ವಿಷಯ ಯಾರೂ ಕೇಳಿಲ್ಲ, ನಾನೇ ಹೇಳಬೇಕು. 2018-19ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯಡಿ ಒಂದನೇ ತರಗತಿಗೆ ಸೇರಿದ ಮಕ್ಕಳಲ್ಲಿ 14 ಮಂದಿ ಈಗ ಎಂಟನೆಯಲ್ಲಿದ್ದಾರೆ. ಅದರ ಮರುವರ್ಷ ರಾಜ್ಯದ ನಿಯಮ ಬದಲಾಯಿತು, ಸರ್ಕಾರಿ ಶಾಲೆ ಹತ್ತಿರ ಇರುವ ಕಡೆ ಖಾಸಗಿ ಶಾಲೆಯಲ್ಲಿ ಆ ಸೀಟುಗಳು ನಿಂತವು. ಹಾಗಾಗಿ ನಮ್ಮಲ್ಲಿ ಇದೇ ಕೊನೆಯ ತಂಡ. ಕಾಯ್ದೆಯ ರಕ್ಷಣೆ ಎಂಟನೇ ತರಗತಿಯವರೆಗೆ ಮಾತ್ರ. ಜೂನ್‌ನಿಂದ ಇವರಿಗೆ ಪೂರ್ತಿ ಶುಲ್ಕ ಹಾಕಿದರೆ ಹಲವರು ಶಾಲೆ ಬಿಡುತ್ತಾರೆ. ಎಂಟು ವರ್ಷ ಇಲ್ಲೇ ಬೆಳೆದ ಮಕ್ಕಳು ಎಸ್ಸೆಸ್ಸೆಲ್ಸಿಗೆ ಎರಡು ವರ್ಷ ಇರುವಾಗ ಹೊರಗೆ ಹೋಗಬಾರದು. ಅವರಿಗೆ ಅರ್ಧ ಶುಲ್ಕ ಸಾಕು ಎಂದು ಮಂಡಳಿಯನ್ನು ಕೇಳಿದ್ದೇನೆ, ಒಪ್ಪಿಗೆ ಸಿಕ್ಕಿದೆ. ನಿಮ್ಮ ಸಮಿತಿ ಇದನ್ನೂ ನೋಡಲಿ, ಆದರೆ ಇದನ್ನು ಕತ್ತರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮಾರ್ಚ್ 14ರವರೆಗೆ ಒಂದು ಸಹಾಯ ಮಾಡಿ. ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಲ್ಕದ ವಾದ ಬೇಡ. ಅನುಮಾನ ಇದ್ದರೆ ಸಮಿತಿಯವರಿಗೆ ಬರೆದು ಕೊಡಿ, ಅಥವಾ ಸಂಜೆ ನಾಲ್ಕೂವರೆಯ ನಂತರ ನನ್ನ ಕೋಣೆಗೆ ಬನ್ನಿ. ಹತ್ತನೇ ತರಗತಿಯ ಮಕ್ಕಳು ಮನೆಯಲ್ಲಿ ಓದುತ್ತಿದ್ದಾರೆ. ಅವರ ಎದುರು ಈ ಮಾತು ಬೇಡ. ಗುರುವಾರ ಮಾತು ಮೀರಿದವರು ಗುಮಾಸ್ತರ ಬಳಿ ಒಂದು ಒಳ್ಳೆಯ ಮಾತು ಆಡಿ ಹೋದರೆ ನನಗೆ ಸಂತೋಷ. ಅವರ ಮಗಳೂ ಇಲ್ಲೇ ಆರನೇ ತರಗತಿಯಲ್ಲಿ ಓದುತ್ತಾಳೆ, ಆಕೆ ಅಂದು ಮೈದಾನದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

ಈಗ ಪ್ರಶ್ನೆಗಳು. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯೋಣ. ಖಜಾಂಚಿಗಳು ಪುಸ್ತಕ ತಂದಿದ್ದಾರೆ, ಅಂಕಿಯ ಪ್ರಶ್ನೆಗೆ ಅವರು ಉತ್ತರಿಸುತ್ತಾರೆ. ಮೂರನೇ ಸಾಲಿನಲ್ಲಿ ಆಟೋ ಓಡಿಸುವ ಅಣ್ಣ ಆಗಿನಿಂದ ಕೈ ಎತ್ತಿದ್ದಾರೆ. ಮೈಕ್ ಮೊದಲು ಅವರಿಗೆ ಕೊಡಿ.